ಮೂರು ಸಾವಿರ ಯಾವ ಖಾನೆಗೆ?

ವೇತನ ಮಾತುಕತೆಯ ಸಭೆಗೆ ಯೂನಿಯನ್ ಪ್ರತಿನಿಧಿ ತನ್ನ ಮಾತನ್ನು ಬರೆದು ತಂದು ಓದುವುದಕ್ಕೆ ಕಾರಣವಿದೆ. ಓದಿದ ಹೇಳಿಕೆಯ ಪ್ರತಿಯನ್ನು ಸಭೆಯ ನಡಾವಳಿಗೆ ಸೇರಿಸಬಹುದು. ಮಾತುಕತೆ ಮುರಿದು ವಿಷಯ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಹೋದರೆ, ಯಾರು ಏನು ಕೇಳಿದ್ದರು, ಎಲ್ಲಿಯವರೆಗೆ ಬಗ್ಗಿದ್ದರು ಎಂಬುದಕ್ಕೆ ಆ ಕಾಗದವೇ ಸಾಕ್ಷಿ. ಗೇಟ್ ಮೀಟಿಂಗಿನ ಭಾಷಣ ಇಲ್ಲಿ ಕೆಲಸಕ್ಕೆ ಬಾರದು.

ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆ ಎಂದುಕೊಳ್ಳೋಣ. ಹಳೆಯ ಒಪ್ಪಂದ ಮುಗಿದು ಎಂಟು ತಿಂಗಳಾಗಿದೆ. ಮ್ಯಾನೇಜ್‌ಮೆಂಟ್ ತಿಂಗಳಿಗೆ 3,000 ರೂಪಾಯಿ ಹೆಚ್ಚಳಕ್ಕೆ ಒಪ್ಪಿದೆ, ಆದರೆ ಅಷ್ಟನ್ನೂ ಮನೆ ಬಾಡಿಗೆ ಭತ್ಯೆಯಾಗಿ ಕೊಡುತ್ತದಂತೆ. ಕೈಗೆ ಬರುವ ಸಂಬಳವನ್ನಷ್ಟೇ ನೋಡಿದರೆ ಇದರಲ್ಲಿ ಮೋಸ ಕಾಣದು. ಕಾಣುವುದು ಗ್ರಾಚ್ಯುಟಿಯಲ್ಲಿ. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು ಕೂಡಿಸಿ, 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸುತ್ತಾರೆ. ಬಾಡಿಗೆ ಭತ್ಯೆ ಸಾಮಾನ್ಯವಾಗಿ ಈ ಲೆಕ್ಕದಿಂದ ಹೊರಗೆ. ಅದೇ ಮೂರು ಸಾವಿರದಲ್ಲಿ ಎರಡು ಸಾವಿರ ಮೂಲವೇತನಕ್ಕೆ ಸೇರಿದರೆ, 20 ವರ್ಷ ದುಡಿದವರಿಗೆ ನಿವೃತ್ತಿಯಲ್ಲಿ ಸುಮಾರು 23,000 ರೂಪಾಯಿ ಹೆಚ್ಚು ಸಿಗುತ್ತದೆ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ವೇತನ ಸಂಹಿತೆ ಇಂಥ ಭತ್ಯೆಗಳಿಗೆ ಕಡಿವಾಣ ಹಾಕಿದೆ ನಿಜ. ಆದರೆ ಅದು ಬಿಗಿಯುವುದು ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದಾಗ ಮಾತ್ರ.

ಅಲ್ಲಿ ಓದುವ ಹೇಳಿಕೆ ಹೀಗಿರಬಹುದು:

“ಮಾನ್ಯರೇ, ಕಳೆದ ವರ್ಷ ಆರ್ಡರ್ ಕುಸಿದಾಗಲೂ ನೀವು ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಅದನ್ನು ಕಾರ್ಮಿಕರು ಮರೆತಿಲ್ಲ. ತಾವು ಹೇಳಿದ ಮೊತ್ತಕ್ಕೆ ನಮ್ಮ ತಕರಾರಿಲ್ಲ. ಅದರಲ್ಲಿ 2,000 ರೂಪಾಯಿ ಮೂಲವೇತನಕ್ಕೆ ಸೇರಬೇಕು. ಎಂಟು ತಿಂಗಳ ಹಿಂಬಾಕಿಯನ್ನು ಎರಡು ಕಂತಿನಲ್ಲಿ ಕೊಟ್ಟರೂ ಆದೀತು. ಬಿಟ್ಟುಕೊಡಲು ಮಾತ್ರ ಸದಸ್ಯರು ನಮಗೆ ಅಧಿಕಾರ ಕೊಟ್ಟಿಲ್ಲ. ಉತ್ಪಾದನೆ ಹೆಚ್ಚಿಸುವ ತಮ್ಮ ಪ್ರಸ್ತಾಪವನ್ನು ಒಂದೊಂದು ಯಂತ್ರದ ಸಮಯ ಅಳೆದ ಮೇಲೆ ಚರ್ಚಿಸೋಣ.”

‘ನಾನು ಒಪ್ಪುವುದಿಲ್ಲ’ ಎನ್ನದೆ ‘ಸದಸ್ಯರು ಅಧಿಕಾರ ಕೊಟ್ಟಿಲ್ಲ’ ಎಂದದ್ದನ್ನು ಗಮನಿಸಿ. ಮಹಾಸಭೆಯ ಠರಾವು ಬೆನ್ನಿಗಿದ್ದರೆ ದನಿ ಏರಿಸಬೇಕಾಗಿಲ್ಲ. ಮುಷ್ಕರದ ಮಾತು ಎಲ್ಲೂ ಇಲ್ಲ, ಅದೂ ಸರಿಯೇ. ಹೊಸ ಸಂಹಿತೆಯಂತೆ ಯಾವ ಕಾರ್ಖಾನೆಯಲ್ಲಾದರೂ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು, ಸಂಧಾನ ನಡೆಯುವಾಗ ಹೂಡುವಂತಿಲ್ಲ. ಬೆದರಿಕೆಯಾಗಿ ಬಾಯಿಮಾತಿನಲ್ಲಿ ಆಡಿದರೆ ಅದರ ತೂಕವೇ ಹೋಗುತ್ತದೆ.

ಇಷ್ಟು ಚೆನ್ನಾಗಿ ಓದಿದವರೂ ಎಡವುವುದು ಕೊನೆಗೆ, ಒಪ್ಪಂದದ ಕರಡಿನಲ್ಲಿ. ‘ಹಳೆಯ ಒಪ್ಪಂದ ಮುಗಿದ ದಿನದಿಂದ’ ಎಂದಿರಬೇಕಾದ ಕಡೆ ‘ಸಹಿ ಹಾಕಿದ ದಿನದಿಂದ’ ಎಂದು ಟೈಪಾಗಿ ಬಂದಿರುತ್ತದೆ. ನೋಡದೆ ಸಹಿ ಹಾಕಿದರೆ ತಲೆಗೆ 24,000 ರೂಪಾಯಿ ಹಿಂಬಾಕಿ ಅಲ್ಲಿಗೇ ಕೈಬಿಟ್ಟಂತೆ.