ಒಂದು ಎಸಿ ಪಾಯಿಂಟಿನ ಲೆಕ್ಕ

"ಒಂದು ಎಸಿ ಪಾಯಿಂಟ್ ಹಾಕ್ಬೇಕು, ಎಷ್ಟಾಗುತ್ತೆ ಹೇಳಿ" ಎಂದು ಫೋನಿನಲ್ಲಿ ಕೇಳುತ್ತಾರೆ. ಸ್ವಂತವಾಗಿ ಎಲೆಕ್ಟ್ರಿಕಲ್ ಕೆಲಸ ಶುರುಮಾಡಿದ ಹೊಸದರಲ್ಲಿ ನಾನು ಅಲ್ಲೇ ಒಂದು ರೇಟು ಹೇಳಿಬಿಡುತ್ತಿದ್ದೆ. ಒಮ್ಮೆ ಹಾಗೆ ಒಪ್ಪಿಕೊಂಡು ಹೋಗಿ ಡಿಬಿ ಮುಚ್ಚಳ ತೆಗೆದರೆ ಹೊಸ ಎಂಸಿಬಿ ಕೂರಿಸಲು ಜಾಗವೇ ಇಲ್ಲ. ಅರ್ಥ್ ವೈರು ಪೈಪಿನೊಳಗೆಲ್ಲೋ ತುಂಡಾಗಿದೆ. ಒಂದು ದಿನದ ಕೆಲಸ ಎರಡು ದಿನವಾಯಿತು, ಹೇಳಿದ ರೇಟು ಮಾತ್ರ ಬದಲಾಗಲಿಲ್ಲ. ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಹೆಲ್ಪರ್‌ಗೆ ಕೊಟ್ಟ ಕೂಲಿಗಿಂತ ಕಡಿಮೆ.

ಆಮೇಲಿಂದ ನಾನು ಪಾಯಿಂಟನ್ನು ಎಣಿಸುವುದಿಲ್ಲ, ಗಂಟೆಯನ್ನು ಎಣಿಸುತ್ತೇನೆ. ಮೊದಲು ತಿಳಿಯಬೇಕಾದದ್ದು ನಮ್ಮ ಒಂದು ಗಂಟೆಯ ಬೆಲೆ. ಮನೆಖರ್ಚು, ಗಾಡಿ, ಫೋನು, ಸವೆಯುವ ಡ್ರಿಲ್ ಬಿಟ್ ಎಲ್ಲ ಸೇರಿ ತಿಂಗಳಿಗೆ 38,000 ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. ತಿಂಗಳಿಗೆ ಕೆಲಸ ಸಿಗುವುದು 24 ದಿನ. ಬೆಳಿಗ್ಗೆಯಿಂದ ಸಂಜೆಗೆ ಹತ್ತು ಗಂಟೆ ಹೊರಗಿದ್ದರೂ ಊಟ, ಫೋನು ಇವಕ್ಕೆಲ್ಲ ಎರಡು ಗಂಟೆ ಹೋಗುತ್ತದೆ. ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಉಳಿದ ಎಂಟು ಗಂಟೆಯಂತೆ 192 ಗಂಟೆ. ಭಾಗಿಸಿದರೆ ಗಂಟೆಗೆ ಹತ್ತಿರ ಹತ್ತಿರ 200 ರೂಪಾಯಿ.

ಈ 200 ಸರಿಹೋಗುವುದು ದಾರಿಯ ಸಮಯವನ್ನೂ ಪ್ರತಿ ಕೆಲಸದ ಲೆಕ್ಕಕ್ಕೆ ಸೇರಿಸಿದರೆ ಮಾತ್ರ. ಸೇರಿಸುವುದು ಬೇಡ ಎನ್ನುವವರು ಗಂಟೆಯ ದರವನ್ನೇ ಏರಿಸಿಕೊಳ್ಳಬೇಕು. ಆದರೆ ಹಾಗೆ ಮಾಡಿದರೆ ಪಕ್ಕದ ಬೀದಿಯವರು ದೂರದ ಬಡಾವಣೆಯವರ ಪೆಟ್ರೋಲಿಗೆ ದುಡ್ಡು ಕೊಟ್ಟಂತಾಗುತ್ತದೆ. ಎರಡನ್ನೂ ಹಾಕುವುದಂತೂ ಮೋಸವೇ.

ಈಗ ಕೆಲಸಕ್ಕೆ ಬರೋಣ. ನಾನಿರುವುದು ಮೈಸೂರಿನ ನಜರ್‌ಬಾದ್, ಕೆಲಸ ಬೋಗಾದಿಯ ಒಂದು ಹಳೇ ಮನೆಯ ಮಹಡಿ ಕೋಣೆಯಲ್ಲಿ. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಮೊದಲು ನೋಡಲು ಹೋಗುತ್ತೇನೆ. ಅದಕ್ಕೆ 300 ರೂಪಾಯಿ, ಕೆಲಸ ಕೊಟ್ಟರೆ ಕೂಲಿಯಲ್ಲಿ ಕಳೆಯುತ್ತೇನೆ ಎಂದು ಫೋನಿನಲ್ಲೇ ಹೇಳಿರುತ್ತೇನೆ. ಅಲ್ಲಿ ಟೇಪು ಬಿಚ್ಚುವುದಕ್ಕೂ ಮುಂಚೆ ಡಿಬಿ ತೆರೆದು ಖಾಲಿ ಜಾಗ ನೋಡುವುದು, ಆಮೇಲೆ ಅರ್ಥ್ ಪರೀಕ್ಷೆ. ಫೇಸ್‌ಗೂ ಅರ್ಥ್‌ಗೂ ಡಿಜಿಟಲ್ ಮೀಟರ್ ಇಟ್ಟರೆ ಕೆಟ್ಟ ಅರ್ಥ್‌ನಲ್ಲೂ 200ರ ಮೇಲೆ ತೋರಿಸಬಹುದು. ಮೀಟರು ಎಳೆಯುವ ಕರೆಂಟು ಅಷ್ಟು ಅತ್ಯಲ್ಪ. ಆದ್ದರಿಂದ ನಾನು ಹೋಲ್ಡರ್‌ಗೆ 100 ವ್ಯಾಟಿನ ಹಳೇ ಬುರುಡೆ ಬಲ್ಬ್ ಹಾಕಿ ನೋಡುತ್ತೇನೆ. ಪೂರ್ತಿ ಉರಿದರೆ ಅರ್ಥ್ ಇದೆ, ಮಿಣುಕಿದರೆ ಇಲ್ಲವೆಂದೇ ಲೆಕ್ಕ. ಆರ್‌ಸಿಸಿಬಿ ಇರುವ ಮನೆಯಲ್ಲಿ ಬಲ್ಬ್ ಹಚ್ಚಿದ ಕೂಡಲೇ ಅದು ಟ್ರಿಪ್ ಆಗುತ್ತದೆ, ಅದೂ ಒಳ್ಳೆಯ ಸೂಚನೆಯೇ. ಬೋಗಾದಿಯ ಮನೆಯಲ್ಲಿ ಡಿಬಿಯ ಜಾಗ, ಅರ್ಥ್ ಎರಡೂ ಸರಿಯಿತ್ತು.

ಆಮೇಲೆ ಅಳತೆ. ಡಿಬಿಯಿಂದ ಮೇಲಕ್ಕೆ ಒಂದೂವರೆ ಮೀಟರ್, ಮೆಟ್ಟಿಲ ಗೋಡೆ ಮೂರು, ಪಡಸಾಲೆ ಆರು, ಕೋಣೆಯ ಗೋಡೆ ನಾಲ್ಕು, ಎಸಿ ಬಾಕ್ಸಿಗೆ ಇಳಿಯಲು ಒಂದು. ಒಟ್ಟು ಹದಿನೈದೂವರೆ. ಎರಡು ತುದಿಯಲ್ಲೂ ಜೋಡಿಸಲು ಬಿಡುವುದನ್ನು ಸೇರಿಸಿ 17 ಎಂದು ಹಿಡಿದೆ. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ 4 ಚದರ ಮಿಲಿಮೀಟರ್ ವೈರು, ಅಂದರೆ 51 ಮೀಟರ್. ತೊಂದರೆಯೆಂದರೆ ಕಾಯಿಲ್ ಬರುವುದು 90 ಮೀಟರಿನದು. ಉಳಿದ 39 ಮೀಟರ್ ಯಾರದು? ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಟ್ಟರೆ ಸರಿ. ಇಲ್ಲದಿದ್ದರೆ ಪೂರ್ತಿ ಕಾಯಿಲ್ ಅವರ ದುಡ್ಡಿನಲ್ಲಿ ತಂದು ಉಳಿದದ್ದನ್ನು ಅವರ ಅಟ್ಟಕ್ಕೇ ಹಾಕುವುದು. ಇದನ್ನು ಮೊದಲೇ ಹೇಳದಿದ್ದರೆ ಉಳಿದ ವೈರನ್ನು ಎಲೆಕ್ಟ್ರಿಷಿಯನ್ ಹೊತ್ತುಕೊಂಡು ಹೋದ ಎನ್ನುವ ಮಾತು ಬಂದೇ ಬರುತ್ತದೆ.

ಸಾಮಾನಿನ ಪಟ್ಟಿ ಹೀಗಾಯಿತು. ವೈರು ಮೀಟರಿಗೆ 80ರಂತೆ 4,080, ಮೂರು ಮೀಟರಿನ ಪಿವಿಸಿ ಪೈಪು ಆರಕ್ಕೆ 540, ಬೆಂಡು, ಸ್ಯಾಡಲ್, ಸ್ಕ್ರೂ ಎಲ್ಲ ಸೇರಿ 350, ಎಸಿ ಬಾಕ್ಸ್ 650, ಡಿಬಿಗೆ 20 ಆಂಪ್ ಎಂಸಿಬಿ 250. ಒಟ್ಟು 5,870. ತಾಮ್ರದ ಬೆಲೆ ಏರಿಳಿದಂತೆ ವೈರಿನ ರೇಟೂ ಬದಲಾಗುತ್ತದೆ. ಅದಕ್ಕೇ ಈ ಪಟ್ಟಿಗೆ ಏಳು ದಿನ ಮಾತ್ರ ಬೆಲೆ.

ಕೂಲಿಯ ಲೆಕ್ಕ ಬೇರೆ. ನೋಡಲು ಹೋಗಿಬಂದದ್ದು ಒಂದೂವರೆ ಗಂಟೆ, ಅಂಗಡಿಗೆ ಒಂದು, ಕೆಲಸದ ದಿನದ ದಾರಿಗೆ ಒಂದು, ಕೈಯಲ್ಲಿ ಕೆಲಸ ಆರು. ಒಂಬತ್ತೂವರೆ ಗಂಟೆಗೆ 1,900. ಹೆಲ್ಪರ್‌ಗೆ 800, ಪೆಟ್ರೋಲಿಗೆ 100. ಹಳೇ ಗೋಡೆಯೊಳಗೆ ಏನಿರುತ್ತದೋ ಎಂದು ಇನ್ನೊಂದು 400. ಒಟ್ಟು 3,200. ಅಂಗಡಿಯವರು ನಮಗೆ ಕೊಡುವ ಕಮಿಷನ್ ಗುಟ್ಟೇನಲ್ಲ. ಅಂಗಡಿಗೆ ಹೋದ ಗಂಟೆಗೆ ನಾನು ಕೂಲಿ ಹಾಕಿರುವಾಗ ಅದನ್ನು ಬಿಲ್ಲಿನಲ್ಲೇ ಇಳಿಸಿ ಎನ್ನುತ್ತೇನೆ. ಬಿಲ್ಲು ಮನೆಯವರ ಹೆಸರಿಗೇ ಇರಬೇಕು.

ರಾತ್ರಿ ವಾಟ್ಸಾಪಿನಲ್ಲಿ ಕಳಿಸಿದ್ದು ಇಷ್ಟು: "ಸಾಮಾನು 5,870, ಬಿಲ್ ಪ್ರಕಾರ. ಕೂಲಿ 3,200, ಇದರಲ್ಲಿ ಕೊಟ್ಟ 300 ಕಳೆಯುತ್ತೇನೆ. ಪೈಪು ಗೋಡೆಯ ಮೇಲೆ ಬರುತ್ತದೆ. ಗೋಡೆ ಕೊರೆದು ಹೂಳಬೇಕಾದರೆ ಬೇರೆ ರೇಟು. ಬಣ್ಣ ನಮ್ಮ ಕೆಲಸವಲ್ಲ. ಸಾಮಾನಿಗೆ 6,000 ಮುಂಗಡ ಬಂದ ಮೇಲೆ ದಿನ ಗೊತ್ತುಮಾಡೋಣ." ಅರ್ಧ ಮುಂಗಡ ಎನ್ನುವ ರೂಢಿ ನನಗೆ ಹಿಡಿಸುವುದಿಲ್ಲ. ಸಾಮಾನಿನ ದುಡ್ಡು ಪೂರ್ತಿ ಅವರದೇ ಆಗಿರಬೇಕು, ಕೂಲಿ ಕೆಲಸ ಮುಗಿದ ಮೇಲೆ. ನಾವು ಕೈಯಿಂದ ಹಾಕಿ ಸಾಮಾನು ತಂದರೆ, ಕೆಲಸ ಮುಂದೆ ಹೋದಾಗ ಗೋಡೆಗೆ ಹಾಕದ ವೈರಿನಲ್ಲಿ ನಮ್ಮ ದುಡ್ಡು ಕೂತುಬಿಡುತ್ತದೆ. ಮುಂಗಡ ಬರುವ ತನಕ ನಾನು ಡೈರಿಯಲ್ಲಿ ಪೆನ್ಸಿಲಿನಲ್ಲೇ ಬರೆದಿರುತ್ತೇನೆ, ಬಂದ ಮೇಲೆ ಪೆನ್ನಿನಲ್ಲಿ.

ದಿನ ಹೊಂದಿಸುವುದು ದಿಕ್ಕಿನ ಮೇಲೆ. ಸೋಮವಾರ, ಗುರುವಾರ ಪಶ್ಚಿಮದ ಕಡೆ: ಬೋಗಾದಿ, ವಿಜಯನಗರ, ಹಿನಕಲ್. ಮಂಗಳವಾರ, ಶುಕ್ರವಾರ ಸಿದ್ಧಾರ್ಥ ನಗರ, ಆಲನಹಳ್ಳಿ ಕಡೆ. ದಿನಕ್ಕೆ ಒಂದೇ ದೊಡ್ಡ ಕೆಲಸ, ಒಂಬತ್ತೂವರೆಗೆ ಶುರು. ಸಂಜೆ ನಾಲ್ಕರಿಂದ ಆರು ಖಾಲಿ. ಫ್ಯಾನ್ ತಿರುಗುತ್ತಿಲ್ಲ, ಗೀಸರ್ ಟ್ರಿಪ್ ಆಗುತ್ತಿದೆ ಎನ್ನುವವರಿಗೆ ಆ ಹೊತ್ತು. ಬೆಳಗಿನ ಕೆಲಸ ಎಳೆದರೂ ಅದೇ ಜಾಗಕ್ಕೆ ಕಾಲು ಚಾಚುತ್ತದೆ. ಅದನ್ನೂ ಮಾರಿಕೊಂಡರೆ ಒಂದು ಮನೆಯ ತಡ ಮೂರು ಮನೆಗೆ ತಗಲುತ್ತದೆ.

ಹಿಂದಿನ ದಿನ ಪೇಪರಿನಲ್ಲಿ ಸೆಸ್ಕ್‌ನವರ ವಿದ್ಯುತ್ ವ್ಯತ್ಯಯದ ಪ್ರಕಟಣೆ ನೋಡುವುದನ್ನು ಮರೆಯಬಾರದು. ಕರೆಂಟಿಲ್ಲದ ದಿನ ವೈರು ಎಳೆಯಬಹುದು, ಗೋಡೆಗೆ ತೂತು ಹೊಡೆಯುವುದು ಹೇಗೆ? ಬೋಗಾದಿಯ ಕೆಲಸ ಇದೇ ಕಾರಣಕ್ಕೆ ಸೋಮವಾರದಿಂದ ಗುರುವಾರಕ್ಕೆ ಹೋಯಿತು. ಭಾನುವಾರವೇ ಫೋನ್ ಮಾಡಿ ಹೇಳಿದ್ದರಿಂದ ಮನೆಯವರು ಬೇಜಾರು ಮಾಡಿಕೊಳ್ಳಲಿಲ್ಲ.

ಗುರುವಾರ ಮೂರೂಮುಕ್ಕಾಲಿಗೆ ಮುಗಿಯಿತು. ಅಂಗಡಿ ಬಿಲ್ಲು ತೋರಿಸಿ 130 ರೂಪಾಯಿ ವಾಪಸು ಕೊಟ್ಟೆ. ಆಗ ಯಜಮಾನರು, "ಎಸಿ ಕೂರಿಸೋರು ಬರಲಿ, ಓಡೋದು ನೋಡಿ ಮಿಕ್ಕಿದ್ದು ಕೊಡ್ತೀನಿ" ಎಂದರು. ಎಸಿಯನ್ನು ಇನ್ನೂ ಕೊಂಡೇ ಇರಲಿಲ್ಲ. ಈ ಮಾತು ಹೊಸದಲ್ಲ, ಆದ್ದರಿಂದ ಎಸಿ ಪ್ಲಗ್ಗಿಗೆ ಗಿಡ್ಡ ವೈರು ಕಟ್ಟಿ ಸಾಕೆಟ್ ಜೋಡಿಸಿದ್ದೊಂದು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. "ಅಮ್ಮಾ, ಇಸ್ತ್ರಿಪೆಟ್ಟಿಗೆ ಕೊಡಿ" ಎಂದು ಕೇಳಿ ಅದಕ್ಕೆ ಚುಚ್ಚಿ ಹತ್ತು ನಿಮಿಷ ಕಾಯಿಸಿದೆ. ಮೀಟರ್ ಹಿಡಿದು ವೋಲ್ಟೇಜ್ ಇಳಿಯದ್ದನ್ನು ತೋರಿಸಿದೆ. ಡಿಬಿಯ ಎಂಸಿಬಿಯನ್ನು ಅವರ ಕೈಯಲ್ಲೇ ಆಫ್ ಮಾಡಿಸಿ ಆನ್ ಮಾಡಿಸಿದೆ. ಅವರು ಫೋನ್ ತೆಗೆದು 2,900 ಕಳಿಸಿದರು. ಅಮ್ಮ ಅದೇ ಬಿಸಿಯಲ್ಲಿ ಎರಡು ಶರ್ಟು ಇಸ್ತ್ರಿ ಮಾಡಿಕೊಂಡರು.