125 ಕಿ.ಮೀ. ರೇಂಜ್ ಅಂದ್ರೆ ನಿಜಕ್ಕೂ ಎಷ್ಟು?

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವಾಗ ನಾವೆಲ್ಲ ಮೊದಲು ನೋಡೋದು ರೇಂಜ್. ಜಾಹೀರಾತಿನಲ್ಲಿ ‘ಐಡಿಸಿ ರೇಂಜ್ 125 ಕಿ.ಮೀ.’ ಅಂತ ಇದ್ದರೆ, ಅದು ಲ್ಯಾಬ್‌ನಲ್ಲಿ ರೋಲರ್ ಮೇಲೆ ಗಾಡಿ ಓಡಿಸಿ ಅಳೆದ ದೂರ. ಆ ಪರೀಕ್ಷೆಯಲ್ಲಿ ವೇಗ ಗಂಟೆಗೆ 42 ಕಿ.ಮೀ. ದಾಟಲ್ಲ. ಹಿಂದೆ ಕೂರೋ ಫ್ರೆಂಡೂ ಇರಲ್ಲ.

ಹಾಗಾಗಿ ಬ್ಯಾಟರಿಯಿಂದಲೇ ಲೆಕ್ಕ ಹಾಕೋಣ. 3 ಕಿಲೋವ್ಯಾಟ್ ಅವರ್ ಬ್ಯಾಟರಿಯಲ್ಲಿ ನಮ್ಮ ಬಳಕೆಗೆ 2,700 ವ್ಯಾಟ್ ಅವರ್ ಸಿಗುತ್ತೆ ಅಂತಿಟ್ಟುಕೊಳ್ಳಿ. ಒಬ್ಬರೇ ಆರಾಮಾಗಿ ಹೋದರೆ ಕಿ.ಮೀ.ಗೆ ಸುಮಾರು 30 ವ್ಯಾಟ್ ಅವರ್ ಖರ್ಚು, 90 ಕಿ.ಮೀ. ಓಡುತ್ತೆ. ಇಬ್ಬರು ಕೂತು 60ರ ವೇಗದಲ್ಲಿ ಫ್ಲೈಓವರ್ ಹತ್ತಿಳಿದರೆ ಖರ್ಚು 40ರ ಹತ್ತಿರ ಹೋಗುತ್ತೆ. ಆಗ ಸಿಗೋದು 67 ಕಿ.ಮೀ. ಮಾತ್ರ.

ಚಾರ್ಜಿಂಗ್ ಸಮಯಕ್ಕೂ ಇದೇ ರೀತಿ ಭಾಗಾಕಾರ ಮಾಡಿ. 750 ವ್ಯಾಟ್ ಚಾರ್ಜರ್‌ಗೆ 3,000 ÷ 750, ಅಂದರೆ 4 ಗಂಟೆ. ಸ್ವಲ್ಪ ಶಕ್ತಿ ಶಾಖವಾಗಿ ಹೋಗುತ್ತೆ, ಬ್ಯಾಟರಿ ತುಂಬುತ್ತಾ ಬಂದಂತೆ ಕರೆಂಟ್ ಕೂಡ ಕಡಿಮೆಯಾಗುತ್ತೆ. ಹಾಗಾಗಿ 5 ಗಂಟೆ ಹಿಡಿಯಿರಿ. ‘80 ಪರ್ಸೆಂಟ್‌ವರೆಗೆ’ ಅಂತ ಬರೆದಿದ್ದರೆ ಪೂರ್ತಿ ಚಾರ್ಜ್‌ನ ಸಮಯ ಕೇಳಿ.

ಕೊನೆಯದು ವಾರಂಟಿ. ‘3 ವರ್ಷ ಅಥವಾ 30,000 ಕಿ.ಮೀ.’ ಅಂದರೆ ಯಾವುದು ಮೊದಲು ಮುಗಿಯುತ್ತೋ ಅಲ್ಲಿಗೆ ವಾರಂಟಿ ಮುಗೀತು. ಎಷ್ಟೋ ವಾರಂಟಿಗಳಲ್ಲಿ ಇನ್ನೊಂದು ಷರತ್ತೂ ಇರುತ್ತೆ: ಸಾಮರ್ಥ್ಯ 70 ಪರ್ಸೆಂಟ್‌ಗಿಂತ ಕೆಳಗೆ ಇಳಿದರೆ ಮಾತ್ರ ಬ್ಯಾಟರಿ ಬದಲಾಯಿಸಿಕೊಡುತ್ತಾರೆ. ಅಂದರೆ ನಮ್ಮ 67 ಕಿ.ಮೀ. 47ಕ್ಕೆ ಇಳಿದರೂ ಕಂಪನಿ ಪ್ರಕಾರ ಬ್ಯಾಟರಿ ಸರಿಯಾಗೇ ಇದೆ. ದಿನದ ಓಡಾಟವನ್ನು ಆ 47ರ ಜೊತೆ ಹೋಲಿಸಿ ನೋಡಿ, ಆಮೇಲೆ ದುಡ್ಡು ಕಟ್ಟಿ.