100:50:25 ಎಂದರೆ ಎಷ್ಟು ಚೀಲ?

ಮುಂಗಾರಿಗೆ ಮುನ್ನ ಹಾವೇರಿ, ದಾವಣಗೆರೆ ಕಡೆಯ ಗೊಬ್ಬರದಂಗಡಿಗಳ ಮುಂದೆ ಸಾಲು ನಿಲ್ಲುವವರಲ್ಲಿ ಮೆಕ್ಕೆಜೋಳ ಬೆಳೆಯುವವರೇ ಹೆಚ್ಚು. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು 100:50:25. ಅಂಗಡಿಯಲ್ಲಿ ಸಿಗುವುದು ಮಾತ್ರ ಚೀಲ. ಈ ಮೂರು ಅಂಕಿಗಳಿಗೂ ಚೀಲಕ್ಕೂ ನಡುವೆ ಒಂದು ಸಣ್ಣ ಲೆಕ್ಕವಿದೆ. ಅದನ್ನು ಮಾಡದೆ ಹೋದಾಗ ಒಂದು ಗೊಬ್ಬರ ಹೆಚ್ಚಾಗಿ ಬೀಳುತ್ತದೆ, ಇನ್ನೊಂದು ಬೀಳುವುದೇ ಇಲ್ಲ.

ಮೊದಲ ಅಂಕಿ ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಇವು ಪೋಷಕಾಂಶದ ಕಿಲೋಗಳು, ಗೊಬ್ಬರದ ಕಿಲೋಗಳಲ್ಲ. ಅದೂ ಒಂದು ಹೆಕ್ಟೇರಿಗೆ. ನಮ್ಮ ರೈತರು ಎಣಿಸುವುದು ಎಕರೆಯಲ್ಲಿ. ಒಂದು ಹೆಕ್ಟೇರ್ ಎಂದರೆ ಹತ್ತಿರ ಹತ್ತಿರ ಎರಡೂವರೆ ಎಕರೆ. ಆದ್ದರಿಂದ ಮೂರೂ ಅಂಕಿಗಳನ್ನು ಎರಡೂವರೆಯಿಂದ ಭಾಗಿಸಬೇಕು. ಆಗ ಎಕರೆಗೆ 40:20:10 ಬರುತ್ತದೆ. ಈ ಮೊದಲ ಹೆಜ್ಜೆಯಲ್ಲೇ ಎಡವಿ, ಹೆಕ್ಟೇರಿನ ಅಂಕಿಯನ್ನು ಎಕರೆಗೆ ಹಾಕಿದರೆ ಖರ್ಚು ಎರಡೂವರೆ ಪಟ್ಟಾಗುತ್ತದೆ.

ಮುಂದಿನ ಹೆಜ್ಜೆಗೆ ಚೀಲದ ಮೇಲೆ ಅಚ್ಚಾಗಿರುವ ಶೇಕಡಾವಾರು ಅಂಕಿ ಬೇಕು. ಯೂರಿಯಾದಲ್ಲಿ ಸಾರಜನಕ ಶೇ 46, ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ರಂಜಕ ಶೇ 16, ಮ್ಯುರೇಟ್ ಆಫ್ ಪೊಟ್ಯಾಷಿನಲ್ಲಿ ಪೊಟ್ಯಾಷ್ ಶೇ 60. ಬೇಕಾದ ಪೋಷಕಾಂಶವನ್ನು ನೂರರಿಂದ ಗುಣಿಸಿ ಈ ಅಂಕಿಯಿಂದ ಭಾಗಿಸಿದರೆ ಗೊಬ್ಬರದ ತೂಕ ಸಿಗುತ್ತದೆ. 40 ಕಿಲೋ ಸಾರಜನಕಕ್ಕೆ 87 ಕಿಲೋ ಯೂರಿಯಾ, 20 ಕಿಲೋ ರಂಜಕಕ್ಕೆ 125 ಕಿಲೋ ಸೂಪರ್, 10 ಕಿಲೋ ಪೊಟ್ಯಾಷಿಗೆ ಸುಮಾರು 17 ಕಿಲೋ ಎಂಒಪಿ.

ಇನ್ನು ಚೀಲ. ಇಲ್ಲೊಂದು ಎಚ್ಚರ ಬೇಕು. ಸೂಪರ್ ಮತ್ತು ಪೊಟ್ಯಾಷ್ 50 ಕಿಲೋ ಚೀಲಗಳಲ್ಲಿ ಬರುತ್ತವೆ. ಯೂರಿಯಾ ಚೀಲವೂ ಹಿಂದೆ 50 ಕಿಲೋ ಇತ್ತು, 2018ರಿಂದೀಚೆಗೆ ಅದು 45 ಕಿಲೋ ಆಗಿದೆ. ಹಳೆಯ ರೂಢಿಯಲ್ಲಿ 50 ಎಂದೇ ಎಣಿಸಿದರೆ ಬೆಳೆಗೆ ಹತ್ತರಲ್ಲಿ ಒಂದು ಪಾಲು ಕಡಿಮೆ ಬೀಳುತ್ತದೆ. ಸರಿಯಾಗಿ ಎಣಿಸಿದರೆ ಎಕರೆಗೆ ಯೂರಿಯಾ ಎರಡು ಚೀಲಕ್ಕೆ ಮೂರು ಕಿಲೋ ಕಡಿಮೆ, ಸೂಪರ್ ಎರಡೂವರೆ ಚೀಲ, ಪೊಟ್ಯಾಷ್ ಒಂದು ಚೀಲದ ಮೂರನೇ ಒಂದು ಪಾಲು. ಯೂರಿಯಾವನ್ನು ಬಿತ್ತನೆಯಲ್ಲಿ ಅರ್ಧ, ಸುಮಾರು ಮೂವತ್ತು ದಿನಕ್ಕೆ ಮೇಲುಗೊಬ್ಬರವಾಗಿ ಇನ್ನರ್ಧ ಕೊಡುವುದು ವಾಡಿಕೆ. ಹೊತ್ತಿಗೊಂದು ಚೀಲ ಎಂದು ನೆನಪಿಟ್ಟುಕೊಂಡರೆ ಸಾಕು. ಸೂಪರ್ ಮತ್ತು ಪೊಟ್ಯಾಷ್ ಎರಡನ್ನೂ ಬಿತ್ತುವಾಗಲೇ ಪೂರ್ತಿ ಕೊಡಬೇಕು.

ಮೂರು ಎಕರೆ ಹೊಲವಿರುವ ಒಂದು ಕುಟುಂಬವನ್ನು ತೆಗೆದುಕೊಳ್ಳೋಣ. ಅವರಿಗೆ ಬೇಕಾದದ್ದು ಆರು ಚೀಲ ಯೂರಿಯಾ, ಏಳೂವರೆ ಚೀಲ ಸೂಪರ್, ಸರಿಯಾಗಿ ಒಂದು ಚೀಲ ಪೊಟ್ಯಾಷ್. ಯೂರಿಯಾದ ಬೆಲೆಯನ್ನು ಸರ್ಕಾರವೇ ಗೊತ್ತುಮಾಡಿದೆ. ಬೇವುಲೇಪನ ಮತ್ತು ತೆರಿಗೆ ಸೇರಿ ಚೀಲಕ್ಕೆ ಸುಮಾರು 266 ರೂಪಾಯಿ. ಉಳಿದೆರಡರ ಬೆಲೆ ಕಂಪನಿಯಿಂದ ಕಂಪನಿಗೆ, ಹಂಗಾಮಿನಿಂದ ಹಂಗಾಮಿಗೆ ಬದಲಾಗುತ್ತದೆ. ಲೆಕ್ಕಕ್ಕಾಗಿ ಸೂಪರ್ ಚೀಲಕ್ಕೆ 600, ಪೊಟ್ಯಾಷ್ ಚೀಲಕ್ಕೆ 1,700 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು ಖರ್ಚು ಹತ್ತಿರ ಹತ್ತಿರ 7,800 ರೂಪಾಯಿ. ಓದುಗರು ತಮ್ಮ ಬಿಲ್ಲಿನಲ್ಲಿರುವ ದರ ಹಾಕಿಕೊಂಡು ಇದೇ ಲೆಕ್ಕ ಮಾಡಬಹುದು.

ಚೀಲದ ಬೆಲೆ ನೋಡಿದರೆ ಪೊಟ್ಯಾಷ್ ಎಲ್ಲಕ್ಕಿಂತ ದುಬಾರಿ. ಕೈ ಹಿಂದೆಗೆಯಲು ಅದೇ ಕಾರಣ. ಆದರೆ ಕೊಳ್ಳುವುದು ಚೀಲವನ್ನಲ್ಲ, ಅದರೊಳಗಿನ ಪೋಷಕಾಂಶವನ್ನು. ಯೂರಿಯಾ ಚೀಲದಲ್ಲಿ 20.7 ಕಿಲೋ ಸಾರಜನಕವಿದೆ; ಕಿಲೋಗೆ ಸುಮಾರು 13 ರೂಪಾಯಿ ಬೀಳುತ್ತದೆ. ಪೊಟ್ಯಾಷ್ ಚೀಲದಲ್ಲಿ 30 ಕಿಲೋ ಇರುವುದರಿಂದ ಕಿಲೋಗೆ 57 ರೂಪಾಯಿ. ಅಗ್ಗವೆಂದು ಕಾಣುವ ಸೂಪರ್ ಚೀಲದಲ್ಲಿರುವುದು ಎಂಟೇ ಕಿಲೋ ರಂಜಕ; ಕಿಲೋಗೆ 75 ರೂಪಾಯಿ! ಚೀಲದ ದರ ನೋಡಿ ತೀರ್ಮಾನಿಸಿದವರಿಗೆ ಇಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ.

ಹಾಗಾದರೆ ರಂಜಕಕ್ಕೆ ಡಿಎಪಿ ಕೊಳ್ಳುವುದೇ ಲೇಸೇ? 1,350 ರೂಪಾಯಿಯ 50 ಕಿಲೋ ಡಿಎಪಿ ಚೀಲದಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ ಇರುತ್ತವೆ. ಆ ಸಾರಜನಕಕ್ಕೆ ಯೂರಿಯಾದ ದರ ಕಟ್ಟಿ ಸುಮಾರು 116 ರೂಪಾಯಿ ಕಳೆದರೆ, ರಂಜಕ ಕಿಲೋಗೆ 54 ರೂಪಾಯಿಗೆ ಸಿಕ್ಕಂತಾಯಿತು. ಮೂರು ಎಕರೆಗೆ ಬೇಕಾದ 60 ಕಿಲೋ ರಂಜಕದಲ್ಲಿ ಇದು ಸುಮಾರು 1,280 ರೂಪಾಯಿಯ ಉಳಿತಾಯ. ಆದರೆ ಸೂಪರ್ ಬರಿಯ ರಂಜಕದ ಗೊಬ್ಬರವಲ್ಲ. ಅದರಲ್ಲಿ ಶೇ 11ರಷ್ಟು ಗಂಧಕವೂ ಇದೆ, ಜೊತೆಗೆ ಸುಣ್ಣದ ಅಂಶ. ಏಳೂವರೆ ಚೀಲದೊಂದಿಗೆ ಸುಮಾರು 41 ಕಿಲೋ ಗಂಧಕ ಹೊಲಕ್ಕೆ ಸೇರುತ್ತದೆ. ಆ 1,280 ರೂಪಾಯಿಯನ್ನು ಗಂಧಕದ ಬೆಲೆ ಎಂದುಕೊಂಡರೆ ಕಿಲೋಗೆ 31 ರೂಪಾಯಿ. ಮಣ್ಣು ಪರೀಕ್ಷೆಯಲ್ಲಿ ಗಂಧಕ ಕಡಿಮೆ ಎಂದು ಬಂದಿದ್ದರೆ, ಅಥವಾ ಬೆಳೆ ಶೇಂಗಾ, ಸೂರ್ಯಕಾಂತಿಯಂಥ ಎಣ್ಣೆಕಾಳಾಗಿದ್ದರೆ, ಸೂಪರೇ ಸರಿಯಾದ ಆಯ್ಕೆ. ಗಂಧಕ ಸಾಕಷ್ಟಿರುವ ಹೊಲದ ಮೆಕ್ಕೆಜೋಳಕ್ಕೆ ಈ ದರದಲ್ಲಿ ಡಿಎಪಿ ಅಗ್ಗ.

ಡಿಎಪಿ ಕೊಂಡವರು ಸಾಮಾನ್ಯವಾಗಿ ಮರೆಯುವ ಸಂಗತಿ ಒಂದಿದೆ. ಅದರಲ್ಲೇ ಬಂದ ಸಾರಜನಕವನ್ನು ಯೂರಿಯಾದಿಂದ ಕಳೆಯಬೇಕು. ಮೂರು ಎಕರೆಗೆ 130 ಕಿಲೋ ಡಿಎಪಿ ಹಾಕಿದರೆ 23 ಕಿಲೋಗೂ ಹೆಚ್ಚು ಸಾರಜನಕ ಸಿಕ್ಕಿರುತ್ತದೆ. ಆಗ ಬೇಕಾಗುವ ಯೂರಿಯಾ ಆರು ಚೀಲವಲ್ಲ, ಐದಕ್ಕೂ ಕಡಿಮೆ. ಈ ಕಡಿತವನ್ನು ಬಿತ್ತನೆಯ ಕಂತಿನಲ್ಲೇ ಮಾಡಬೇಕು, ಮೇಲುಗೊಬ್ಬರದಲ್ಲಲ್ಲ.

ಸಾರಜನಕ ಅಗ್ಗವಾಗಿರುವುದರಿಂದಲೇ ಯೂರಿಯಾ ಮಿತಿಮೀರಿ ಬೀಳುತ್ತದೆ. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಬಂದಾಗ ರಂಜಕ, ಪೊಟ್ಯಾಷ್ ಗೊಬ್ಬರಗಳು ಅದರಡಿ ಸೇರಿದವು, ಯೂರಿಯಾ ಹೊರಗುಳಿಯಿತು. ದರದ ಈ ಅಂತರ ಬೆಳೆದದ್ದು ಅಲ್ಲಿಂದ. ಆದರೆ ಕಿಲೋಗೆ 13 ರೂಪಾಯಿಯ ಸಾರಜನಕ 57 ರೂಪಾಯಿಯ ಪೊಟ್ಯಾಷ್ ಮಾಡುವ ಕೆಲಸವನ್ನು ಮಾಡಲಾರದು. ಯೂರಿಯಾ ಹೆಚ್ಚಾದ ಪೈರು ಕಡು ಹಸಿರಾಗಿ ಸೊಕ್ಕಿ, ಗಾಳಿಗೆ ಮಲಗುತ್ತದೆ. ಕೊರತೆಗಳನ್ನು ಎಲೆಯಲ್ಲೇ ಗುರುತಿಸಬಹುದು. ಕೆಳಗಿನ ಎಲೆ ತುದಿಯಿಂದ ನಡುನರದ ಗುಂಟ ಹಳದಿಯಾದರೆ ಸಾರಜನಕ ಸಾಲದು. ಅದೇ ಕೆಳಗಿನ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಷ್ ಸಾಲದು. ಎಳೆ ಪೈರು ನೇರಳೆ ಬಣ್ಣಕ್ಕೆ ತಿರುಗಿದರೆ ಹೆಚ್ಚಾಗಿ ರಂಜಕದ ಕೊರತೆ, ಚಳಿಯಲ್ಲೂ ಹಾಗಾಗುವುದುಂಟು.

100:50:25 ಸಾಮಾನ್ಯ ಮಣ್ಣಿಗೆ ಹೇಳಿದ ಲೆಕ್ಕ. ಮಣ್ಣು ಆರೋಗ್ಯ ಚೀಟಿ ಇದ್ದರೆ ಅದರಲ್ಲಿರುವ ಪ್ರಮಾಣದಿಂದಲೇ ಮೇಲಿನ ಹೆಜ್ಜೆಗಳನ್ನು ಶುರುಮಾಡಬೇಕು. ಯೂರಿಯಾ ಮತ್ತು ಸೂಪರನ್ನು ಮೊದಲೇ ಬೆರೆಸಿಟ್ಟರೆ ಒದ್ದೆಯಾಗಿ ಅಂಟುತ್ತದೆ. ಬೆರೆಸುವುದಿದ್ದರೆ ಬಿತ್ತುವ ಹೊತ್ತಿಗೇ ಬೆರೆಸಬೇಕು. ಗುಂಟೆ ಲೆಕ್ಕದ ಹೊಲವಿದ್ದವರು ಎಕರೆಯ ತೂಕವನ್ನು 40ರಿಂದ ಭಾಗಿಸಿ ತಮ್ಮ ಗುಂಟೆಗಳಿಂದ ಗುಣಿಸಲಿ: 30 ಗುಂಟೆಗೆ 65 ಕಿಲೋ ಯೂರಿಯಾ, 94 ಕಿಲೋ ಸೂಪರ್, ಹನ್ನೆರಡೂವರೆ ಕಿಲೋ ಪೊಟ್ಯಾಷ್. ಅಂಗಡಿಗೆ ಹೊರಡುವ ಮುನ್ನ ಈ ಮೂರು ತೂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.